ಟೆಂಡರ್ ದಾಖಲೆಯನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಸಿಸಿ ರಸ್ತೆ, ಚರಂಡಿ ಕಾಮಗಾರಿಗೆ 60 ಲಕ್ಷ ರೂಪಾಯಿಯ ಟೆಂಡರ್ ಕರೆದಿದ್ದಾರೆ ಎಂದಿಟ್ಟುಕೊಳ್ಳಿ. ಅವಧಿ 9 ತಿಂಗಳು. ಸಾರಾಂಶ ಬರೆಯುವಾಗ ಪುಟಗಳ ಕ್ರಮ ಹಿಡಿಯಬೇಡಿ, ಅರ್ಹತೆಯ ಷರತ್ತುಗಳ ಭಾಗವನ್ನೇ ಮೊದಲು ತೆರೆಯಿರಿ. ಅಲ್ಲಿ ಅನರ್ಹರಾದರೆ ಮುಂದಿನದನ್ನು ಓದಿ ಫಲವಿಲ್ಲ.

ವಹಿವಾಟು ಎಷ್ಟಿರಬೇಕು, ಇದೇ ಬಗೆಯ ಒಂದು ಕಾಮಗಾರಿಯನ್ನು ಎಷ್ಟು ಮೊತ್ತಕ್ಕೆ ಮುಗಿಸಿರಬೇಕು ಎಂಬುದನ್ನು ಬರೆದು, ಪ್ರತಿ ಷರತ್ತಿನ ಎದುರು ನಿಮ್ಮ ಅಂಕಿ, ಪುರಾವೆಯ ಹೆಸರು, ಪುಟಸಂಖ್ಯೆ ಹಾಕಿ. ‘ಇದೇ ಬಗೆಯ’ ಎಂದರೆ ಏನೆಂದು ದಾಖಲೆಯೇ ಹೇಳಿದ್ದರೆ ಆ ಸಾಲನ್ನು ಅಕ್ಷರಶಃ ಇಳಿಸಿಕೊಳ್ಳಿ. ಅಲ್ಲಿ ರಸ್ತೆ ಎಂದಷ್ಟೇ ಇದ್ದರೆ ಕಟ್ಟಡದ ಪ್ರಮಾಣಪತ್ರ ನಡೆಯದು.

ಹೆಚ್ಚಿನವರು ಎಡವುವುದು ಟೆಂಡರ್ ಸಾಮರ್ಥ್ಯದ ಲೆಕ್ಕದಲ್ಲಿ. ಸೂತ್ರ ಸಾಮಾನ್ಯವಾಗಿ ಹೀಗಿರುತ್ತದೆ:

```
A × N × 1.5 − B
```

ಕಳೆದ 5 ವರ್ಷಗಳ ಪೈಕಿ ಅತಿ ಹೆಚ್ಚು ಕೆಲಸ ಮಾಡಿದ ಒಂದು ವರ್ಷದ ಮೊತ್ತ A. ಕಾಮಗಾರಿಯ ಅವಧಿ, ವರ್ಷದ ಲೆಕ್ಕದಲ್ಲಿ, N. ಆ ಅವಧಿಯೊಳಗೆ ಮುಗಿಸಬೇಕಾದ, ಈಗ ಕೈಯಲ್ಲಿರುವ ಕೆಲಸದ ಬಾಕಿ B. ಕಳೆದ ವರ್ಷವೇ ಅತಿ ಹೆಚ್ಚು, 60 ಲಕ್ಷದ ಕೆಲಸ ಮಾಡಿದ್ದೀರಿ, 9 ತಿಂಗಳೆಂದರೆ 0.75, ಕೈಯಲ್ಲಿರುವ 40 ಲಕ್ಷದ ಚರಂಡಿಯಲ್ಲಿ 28 ಲಕ್ಷದ್ದು ಮುಗಿದು 12 ಲಕ್ಷ ಬಾಕಿ ಇದೆ ಎನ್ನೋಣ. ಆಗ 67.5ರಲ್ಲಿ 12 ಕಳೆದು 55.5 ಲಕ್ಷ. 60 ಲಕ್ಷಕ್ಕೆ ಸಾಲದು.

ಇಷ್ಟಕ್ಕೇ ಕೈಬಿಡಬೇಡಿ. ಹಳೆಯ ಮೊತ್ತವನ್ನು ವರ್ಷಕ್ಕೆ ಶೇ 10ರಂತೆ ಹಾಲಿ ದರಕ್ಕೆ ಏರಿಸಬಹುದು ಎಂಬ ಸಾಲು ದಾಖಲೆಯಲ್ಲಿದ್ದರೆ A 66 ಲಕ್ಷವಾಗುತ್ತದೆ, ಸಾಮರ್ಥ್ಯ 62.25 ಲಕ್ಷಕ್ಕೆ ಏರುತ್ತದೆ. ಈಗ ಅರ್ಹರು! B ಕಾಲಂನಲ್ಲಿ ಚರಂಡಿಯ ಪೂರ್ತಿ 40 ಲಕ್ಷ ತುಂಬಿದ್ದರೆ ಮಾತ್ರ ನಿಮ್ಮ ಕೈಯಾರೆ ನೀವೇ ಹೊರಬೀಳುತ್ತೀರಿ. ಹಾಗಂತ ಬಾಕಿ ಕೆಲಸವನ್ನು ಮುಚ್ಚಿಡುವುದೂ ಬೇಡ, ತಪ್ಪು ಮಾಹಿತಿ ಕೊಟ್ಟವರನ್ನು ಅನರ್ಹಗೊಳಿಸಲು ಅವಕಾಶವಿರುತ್ತದೆ.

ಇನ್ನು ದಿನಾಂಕಗಳು. ಪ್ರಶ್ನೆ ಕೇಳಲು, ಟೆಂಡರ್ ಜೊತೆ ಇಡಬೇಕಾದ ಠೇವಣಿಯಾದ ಇಎಂಡಿ ಕಟ್ಟಲು, ಟೆಂಡರ್ ಸಲ್ಲಿಸಲು ಇರುವ ಕೊನೆಯ ಗಳಿಗೆಯನ್ನು ಗಂಟೆಯ ಸಮೇತ ಬರೆಯಿರಿ. ಸಮಯ ನೋಡುವುದು ಪೋರ್ಟಲ್ ಗಡಿಯಾರದಲ್ಲಿ, ನಿಮ್ಮ ಮೊಬೈಲ್‌ನಲ್ಲಲ್ಲ. ಇಎಂಡಿ ಹಣ ಬ್ಯಾಂಕಿನಿಂದ ಹೋದರೆ ಸಾಲದು, ಪೋರ್ಟಲ್‌ನಲ್ಲಿ ಜಮಾ ಎಂದು ಕಾಣಬೇಕು, ಹಾಗಾಗಿ ಒಂದೆರಡು ಕೆಲಸದ ದಿನ ಮೊದಲೇ ಕಟ್ಟಿ.

ಇಎಂಡಿಯನ್ನು ಬ್ಯಾಂಕ್ ಗ್ಯಾರಂಟಿಯಾಗಿ ಕೊಡಲು ಅವಕಾಶವಿದ್ದರೆ ಅದರ ಅವಧಿಯನ್ನೂ ಎಣಿಸಿ. ಸಲ್ಲಿಕೆಗೆ ಜೂನ್ 20 ಕೊನೆ, ಟೆಂಡರ್ ಸಿಂಧುತ್ವ 90 ದಿನ, ಗ್ಯಾರಂಟಿ ಅದಕ್ಕಿಂತ 45 ದಿನ ಹೆಚ್ಚಿರಬೇಕು ಎಂದಿದ್ದರೆ ನವೆಂಬರ್ 2ರವರೆಗೆ ಬೇಕು. ಅಕ್ಟೋಬರ್ 31ಕ್ಕೆ ಮುಗಿಯುವ ಗ್ಯಾರಂಟಿ ಎರಡೇ ದಿನದ ಕೊರತೆಗೆ ತಿರಸ್ಕಾರವಾಗಬಹುದು.

ತಿದ್ದುಪಡಿ ಪ್ರಕಟಣೆ ಬಂದು ಕೊನೆಯ ದಿನ ಮುಂದೆ ಹೋದರೆ ಈ ಎಣಿಕೆಯೆಲ್ಲ ಬದಲಾಗುತ್ತದೆ. ಸಲ್ಲಿಸುವ ಹಿಂದಿನ ಸಂಜೆ ಪೋರ್ಟಲ್ ನೋಡಿ, ಪುಟದ ಮೂಲೆಯಲ್ಲಿ ಪರಿಶೀಲಿಸಿದ ದಿನಾಂಕ ಹಾಕಿಡಿ.