ಚಿಕ್ಕಮ್ಮನ ಜಾಡಿಯ ಎರಡು ಫೋಟೋ

ಹೋದ ವರ್ಷ ಆಷಾಢದಲ್ಲಿ ಚಳ್ಳಕೆರೆಯ ಚಿಕ್ಕಮ್ಮ ಮಾವಿನ ಉಪ್ಪಿನಕಾಯಿ ಜಾಡಿಯ ಫೋಟೋ ಕಳಿಸಿದರು. ಮೇಲೆಲ್ಲ ಬಿಳಿ. "ಬೂಷ್ಟು ಬಂದೈತೇನೋ ನೋಡಪ್ಪ, ತಿನ್ನಬಹುದಾ?" ಅಂತ ಕೇಳಿದರು. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಮನೆಯವರಿಂದ ಇಂಥ ಫೋಟೋ ಆಗಾಗ ಬರುತ್ತವೆ.

ಉಪ್ಪಿನಕಾಯಿ ಮೇಲಿನ ಬಿಳಿ ಎಲ್ಲ ಒಂದೇ ಅಲ್ಲ. ಹರಳು ಹರಳಾಗಿದ್ದರೆ ಉಪ್ಪು. ಚಮಚ ನೀರಿಗೆ ಹಾಕಿದರೆ ಕರಗಿ ಹೋಗುತ್ತದೆ. ಹಾಲಿನ ಕೆನೆಯಂತೆ ತೆಳ್ಳಗೆ, ಸುಕ್ಕು ಸುಕ್ಕಾಗಿ ಹರಡಿದ್ದರೆ ಅದು ಯೀಸ್ಟ್ ಪದರ. ಅದು ಸಾಮಾನ್ಯವಾಗಿ ವಿಷವಲ್ಲ. ಆದರೆ ಹುಳಿಯನ್ನು ತಿಂದು ಕಡಿಮೆ ಮಾಡುತ್ತದೆ, ಆಮೇಲೆ ಬೇರೆಯವು ಬೆಳೆಯಲು ದಾರಿಯಾಗುತ್ತದೆ. ಹತ್ತಿಯಂತೆ ನವಿರು ಎದ್ದು, ಹಸಿರು, ಬೂದು ಇಲ್ಲವೇ ಕಪ್ಪು ಬಣ್ಣ ತಿರುಗಿದ್ದರೆ ಬೂಷ್ಟು.

ಮೊದಲ ಫೋಟೋ ನೋಡಿದರೆ ಯೀಸ್ಟ್ ಪದರದಂತೆಯೇ ಇತ್ತು. ಆದರೆ ಅದನ್ನು ಫ್ಲ್ಯಾಶ್ ಹಾಕಿ ನೇರ ಮೇಲಿಂದ ತೆಗೆದಿದ್ದರು. ಹಾಗೆ ತೆಗೆದರೆ ನೆರಳು ಬೀಳುವುದಿಲ್ಲ, ನವಿರು ಕಾಣುವುದಿಲ್ಲ. "ಫ್ಲ್ಯಾಶ್ ಬೇಡ ಚಿಕ್ಕಮ್ಮ. ಜಾಡಿಯನ್ನು ಕಿಟಕಿ ಹತ್ತಿರ ಇಡಿ, ಪಕ್ಕದಿಂದ ತೆಗೀರಿ. ಮೂಸಿ ಮಾತ್ರ ನೋಡಬೇಡಿ" ಅಂದೆ. ಮೂಸಿದರೆ ಬೂಷ್ಟಿನ ಪುಡಿ ಮೂಗಿಗೆ ಹೋಗುತ್ತದೆ.

ಎರಡನೇ ಫೋಟೋದಲ್ಲಿ ವಿಷಯ ಗೊತ್ತಾಯಿತು. ಎಣ್ಣೆಯಿಂದ ಮೇಲೆ ಎದ್ದಿದ್ದ ಎರಡು ಹೋಳುಗಳ ಮೇಲೆ ಬೂದು-ಹಸಿರು ಕೂದಲು ನಿಂತಿತ್ತು. ಬಿಪಿ ಅಂತ ಚಿಕ್ಕಮ್ಮ ಈ ಸಲ ಉಪ್ಪನ್ನು ಅರ್ಧಕ್ಕೆ ಇಳಿಸಿದ್ದರಂತೆ. ಉಪ್ಪು ಕಮ್ಮಿ, ಹೋಳು ಮುಳುಗಿಲ್ಲ, ಮೇಲೆ ಮಳೆಗಾಲದ ತೇವ. ಬೂಷ್ಟಿಗೆ ಇನ್ನೇನು ಬೇಕು?

"ಆ ಹೋಳು ತೆಗೆದು ಬಿಸಿಲಿಗಿಟ್ರೆ ಆಗಲ್ವಾ?" ಅಂದರು. ಆಗಲ್ಲ ಅಂದೆ. ಬೂಷ್ಟು ಬಿಟ್ಟ ವಿಷ ರಸದಲ್ಲಿ ಇಳಿದಿರಬಹುದು, ಅದು ಬಿಸಿಲಿಗೆ ಹೋಗುವ ಖಾತ್ರಿ ಇಲ್ಲ. ಪೂರ್ತಿ ಜಾಡಿ ಚೆಲ್ಲಿಸಿದೆ. ನನಗೂ ಹೊಟ್ಟೆ ಉರಿಯಿತು, ಅವರ ಕೈಯ ಉಪ್ಪಿನಕಾಯಿ ಅಂದರೆ ನನಗೆ ಅಷ್ಟು ಇಷ್ಟ. ಬ್ರೆಡ್ಡಿನಲ್ಲಂತೂ ಅನುಮಾನವೇ ಬೇಡ. ಒಂದು ಚುಕ್ಕಿ ಕಂಡರೂ ಬೇರಿನಂಥ ಎಳೆಗಳು ಒಳಗೆ ಹರಿದಿರುತ್ತವೆ, ಇಡೀ ಪ್ಯಾಕೆಟ್ ಎಸೆಯಬೇಕು.

ಮರುದಿನ ಬೆಳಿಗ್ಗೆ ಅನ್ನದ ಫೋಟೋ ಬಂತು. ರಾತ್ರಿ ಮಾಡಿ ಹೊರಗೇ ಬಿಟ್ಟಿದ್ದ ಅನ್ನ. ಬೆಳ್ಳಗೆ, ಉದುರುದುರಾಗಿತ್ತು. "ಬೂಷ್ಟಿಲ್ಲ, ಚಿತ್ರಾನ್ನ ಮಾಡಲಾ?" ಅಂದರು. ಇದಕ್ಕೆ ನನ್ನ ಕಣ್ಣು ಉಪಯೋಗಕ್ಕೆ ಬರಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯದೆ ಉಳಿಯುತ್ತವೆ. ಅನ್ನ ಹೊರಗೆ ಉಗುರುಬೆಚ್ಚಗೆ ಕೂತರೆ ಮೊಳೆತು, ವಾಂತಿ ಮಾಡಿಸುವ ವಿಷ ಬಿಡುತ್ತವೆ. ಬಣ್ಣ, ವಾಸನೆ ಬದಲಾಗಬೇಕೆಂದಿಲ್ಲ. ಒಗ್ಗರಣೆಯ ಬಿಸಿಗೂ ಆ ವಿಷ ಹೋಗಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರದ ಅನ್ನಕ್ಕೆ ನಾನು ಸರಿ ಅನ್ನುವುದಿಲ್ಲ.

ಈಗ ಚಿಕ್ಕಮ್ಮ ಅನ್ನದ ಫೋಟೋ ಕಳಿಸುವುದಿಲ್ಲ. ಎಷ್ಟು ಗಂಟೆಗೆ ಇಳಿಸಿದ್ದು, ಎಷ್ಟು ಗಂಟೆಗೆ ಫ್ರಿಜ್ಜಿಗೆ ಇಟ್ಟದ್ದು ಅಂತ ಬರೆದು ಕಳಿಸುತ್ತಾರೆ.