ಚಿಕನ್‌ಪಾಕ್ಸ್ ಕೋಣೆಯಿಂದ ಹೊರಬರುವ ಕ್ರಮ

ಕಾಸರಗೋಡಿನ ಹಲವು ಆಸ್ಪತ್ರೆಗಳಲ್ಲಿ ಕೋಣೆಯ ಬಾಗಿಲಿಗೆ ಅಂಟಿಸಿದ ಸೂಚನೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅದರ ಮುಂದೆ ಒಂದು ಕ್ಷಣ ನಿಂತು, ಮತ್ತೆ ಸೀದಾ ಒಳಗೆ ನಡೆಯುವುದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಅಂಥವರಿಗಾಗಿ ಆ ಕ್ರಮವನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಮೊದಲು ಯಾರಿಗೆ ಐಸೊಲೇಷನ್, ಯಾರಿಗೆ ಕ್ವಾರಂಟೈನ್ ಎಂದು ತೀರ್ಮಾನಿಸಿ. ಬದಿಯಡ್ಕದ ಒಂದು ಮನೆಯನ್ನು ಊಹಿಸಿಕೊಳ್ಳಿ. ಹುಡುಗನಿಗೆ ಮೂರನೇ ತಾರೀಕು ಚಿಕನ್‌ಪಾಕ್ಸ್ ಗುಳ್ಳೆ ಎದ್ದಿತು, ನಾಲ್ಕರಂದು ಆಸ್ಪತ್ರೆಗೆ ಸೇರಿಸಿದರು. ಅವನಿಗೆ ಬೇಕಾದದ್ದು ಐಸೊಲೇಷನ್. ಜೊತೆಗೆ ಆಡಿದ, ಇದುವರೆಗೆ ಈ ರೋಗವೂ ಬರದ, ಲಸಿಕೆಯೂ ಆಗದ ತಂಗಿ ಆರೋಗ್ಯವಾಗಿದ್ದಾಳೆ, ಅವಳಿಗೆ ಕ್ವಾರಂಟೈನ್. ಗುಳ್ಳೆ ಏಳುವ ಎರಡು ದಿನ ಮೊದಲೇ ಸೋಂಕು ಹರಡುವುದರಿಂದ ಅವಳ ಲೆಕ್ಕ ಒಂದನೇ ತಾರೀಕಿನಿಂದ ಶುರು. ಆ ದಿನ ಬಿಟ್ಟು ಎಂಟನೇ ದಿನ, ಅಂದರೆ ಒಂಬತ್ತರಿಂದ, ನಾಲ್ಕರಂದಿನ ಕೊನೆಯ ಒಡನಾಟದ ನಂತರದ 21ನೇ ದಿನವಾದ ಇಪ್ಪತ್ತೈದರವರೆಗೆ ಅವಳನ್ನು ವಾರ್ಡಿಗೆ ಕರೆತರಬೇಡಿ.

ಎರಡನೆಯದು, ರೋಗ ಹರಡುವ ದಾರಿ. ಫ್ಲೂ, ಗಂಟಲಮಾರಿಯಂಥವು ಕೆಮ್ಮಿನ ಹನಿಯಲ್ಲಿ ಬರುತ್ತವೆ. ಹತ್ತಿರ ಹೋಗುವವರಿಗೆ ಸರ್ಜಿಕಲ್ ಮಾಸ್ಕ್ ಸಾಕು. ಕಜ್ಜಿ, ಕೆಲವು ಬಗೆಯ ಭೇದಿಗಳು ಸ್ಪರ್ಶದಿಂದ ಬರುತ್ತವೆ; ಗ್ಲೌಸ್, ಗೌನ್ ಬೇಕು. ಭೇದಿಯ ರೋಗಿಯನ್ನು ಮುಟ್ಟಿದ ಮೇಲೆ ಸ್ಯಾನಿಟೈಸರ್ ನಂಬಬೇಡಿ, ಸೋಪಿನಲ್ಲೇ ಕೈ ತೊಳೆಯಿರಿ. ಕ್ಷಯ, ದಡಾರ ಗಾಳಿಯಲ್ಲೇ ತೇಲುತ್ತವೆ. ಬಾಗಿಲು ಮುಚ್ಚಿರಬೇಕು, ಮುಖಕ್ಕೆ ಎನ್‌95 ಮಾಸ್ಕ್ ಬೇಕು. ಚಿಕನ್‌ಪಾಕ್ಸ್‌ಗೆ ಗಾಳಿ, ಸ್ಪರ್ಶ ಎರಡೂ ದಾರಿಗಳು, ಹಾಗಾಗಿ ಎನ್‌95, ಗ್ಲೌಸ್, ಗೌನ್ ಎಲ್ಲವೂ ಬೇಕು. ಹಿಂದೆ ಈ ರೋಗ ಬಂದುಹೋದ ತಾಯಿಯೇ ಹುಡುಗನ ಬಳಿ ಇರುವುದು ಒಳ್ಳೆಯದು. ಗರ್ಭಿಣಿ ಚಿಕ್ಕಮ್ಮ ಖಂಡಿತ ಬೇಡ.

ಒಳಗೆ ಹೋಗುವುದು ಸುಲಭ. ಎನ್‌95 ಹಾಕಿ, ಮೂಗಿನ ತಂತಿ ಒತ್ತಿ, ಉಸಿರು ಬಿಟ್ಟಾಗ ಅಂಚಿನಿಂದ ಗಾಳಿ ನುಗ್ಗುತ್ತದೆಯೇ ನೋಡಿ. ಗಡ್ಡವಿದ್ದರೆ ನುಗ್ಗಿಯೇ ತೀರುತ್ತದೆ. ಕಿವಿಗೆ ಸಿಕ್ಕಿಸುವ ಅಗ್ಗದ ಮಾಸ್ಕುಗಳನ್ನು ನಾನು ಮುಟ್ಟುವುದೇ ಇಲ್ಲ. ತಲೆಯ ಹಿಂದೆ ಎರಡು ಪಟ್ಟಿ ಇರುವುದನ್ನೇ ಕೊಳ್ಳಿ.

ಎಡವುವುದು ಹೊರಬರುವಾಗ. ಸೆಖೆ ತಾಳದೆ ಕೋಣೆಯೊಳಗೇ ಮೊದಲು ಮಾಸ್ಕ್ ಕಳಚುತ್ತಾರೆ, ಆಮೇಲೆ ಗ್ಲೌಸ್. ಕ್ರಮ ಪೂರ್ತಿ ಉಲ್ಟಾ. ಬಾಗಿಲ ಬಳಿ, ಒಳಗೇ ನಿಂತು, ಒಂದು ಗ್ಲೌಸಿನ ಹೊರಬದಿಯನ್ನು ಇನ್ನೊಂದು ಗ್ಲೌಸಿನ ಕೈಯಲ್ಲಿ ಹಿಡಿದು ಎಳೆದು ಮುಷ್ಟಿಯಲ್ಲಿಟ್ಟುಕೊಳ್ಳಿ. ಬರಿಯ ಬೆರಳನ್ನು ಎರಡನೆಯದರ ಒಳಬದಿಗೆ ತೂರಿಸಿ, ಮೊದಲಿನದು ಅದರೊಳಗೇ ಉಳಿಯುವಂತೆ ಮಗುಚಿ. ಗೌನಿನ ಕಟ್ಟು ಬಿಚ್ಚಿ, ಮುಂಭಾಗ ಮುಟ್ಟದೆ, ಒಳಮೈ ಹೊರಗೆ ಬರುವಂತೆ ಸುತ್ತಿ ಬುಟ್ಟಿಗೆ ಹಾಕಿ. ಕೈಗೆ ಸ್ಯಾನಿಟೈಸರ್ ಉಜ್ಜಿ. ಈಗ ಹೊರಬಂದು ಬಾಗಿಲು ಮುಚ್ಚಿ. ಆಮೇಲಷ್ಟೇ ಮಾಸ್ಕ್: ಕೆಳಗಿನ ಪಟ್ಟಿ ಮೊದಲು, ಮೇಲಿನದು ಅನಂತರ, ಮುಂಭಾಗಕ್ಕೆ ಕೈ ತಾಗಬಾರದು. ಮತ್ತೊಮ್ಮೆ ಕೈ ಉಜ್ಜಿ.

ಜ್ವರ ಇಳಿದ ಕೂಡಲೇ ಹುಡುಗನನ್ನು ಸಾಮಾನ್ಯ ವಾರ್ಡಿಗೆ ಹಾಕಿ ಎಂದು ಮನೆಯವರು ಪೀಡಿಸುತ್ತಾರೆ. ನೋಡಬೇಕಾದದ್ದು ಜ್ವರವನ್ನಲ್ಲ, ಚರ್ಮವನ್ನು. ನೆತ್ತಿಯ ಕೂದಲೆಡೆಯ ಗುಳ್ಳೆಯೂ ಸೇರಿ ಎಲ್ಲವೂ ಒಣಗಿ ಹಕ್ಕಳೆ ಕಟ್ಟುವವರೆಗೆ ಆ ಬಾಗಿಲು ಮುಚ್ಚಿಯೇ ಇರಬೇಕು.