ತರಬೇತಿ ಅಂಗನವಾಡಿಯವರೆಗೆ ಮುಟ್ಟಿತಾ? ರಿಜಿಸ್ಟರ್‌ನಲ್ಲಿ ಹುಡುಕಿದ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ಒಂದು ವಲಯದಲ್ಲಿ 32 ಅಂಗನವಾಡಿ ಕಾರ್ಯಕರ್ತೆಯರಿಗೆ ಎರಡು ದಿನದ ತರಬೇತಿ ನಡೆಯಿತು. ವಿಷಯ ಒಂದೇ: ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆಯನ್ನು ಸರಿಯಾಗಿ ತೆಗೆಯುವುದು. ತರಬೇತಿಯಿಂದ ಏನಾಯಿತು ಎಂದು ವರದಿ ಬರೆಯುವ ಕೆಲಸ ನನಗೆ ಬಂತು. ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಇಂಥ ವರದಿ ಬರೆಯುವವರಿಗೆ ಉಪಯೋಗಕ್ಕೆ ಬರಬಹುದು.

ಅಳತೆಯಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೆ ಏನು ಮಹಾ ಅನ್ನಿಸಬಹುದು. ಆದರೆ ಮಗು ತೀವ್ರ ಅಪೌಷ್ಟಿಕ ಹೌದೋ ಅಲ್ಲವೋ ಎಂದು ನೋಡುವುದು ಅದರ ಎತ್ತರಕ್ಕೆ ಇರಬೇಕಾದ ತೂಕದ ಮೇಲೆ. ಸುಮಾರು 80 ಸೆಂಟಿಮೀಟರ್ ಇರುವ ಮಗುವಿನಲ್ಲಿ ಒಂದು ಸೆಂಟಿಮೀಟರ್ ತಪ್ಪಾದರೆ ಆ ಗಡಿಯೇ ಸುಮಾರು 200 ಗ್ರಾಂ ಅತ್ತಿತ್ತ ಸರಿಯುತ್ತದೆ. ಗಡಿಯಲ್ಲಿರುವ ಮಗು ಪಟ್ಟಿಯಿಂದ ಹೊರಗೇ ಉಳಿಯಬಹುದು. ಅದಕ್ಕೇ ಈ ತರಬೇತಿ ಕೆಲಸಕ್ಕೆ ಬಂತೋ ಇಲ್ಲವೋ ಎಂದು ತಿಳಿಯಲೇಬೇಕಿತ್ತು.

ತರಬೇತಿಯನ್ನು ಅಳೆಯಲು ನಾಲ್ಕು ಹಂತಗಳಿವೆ ಎಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದರು. ಬಂದವರಿಗೆ ತರಬೇತಿ ಹೇಗನ್ನಿಸಿತು, ಅವರು ಏನು ಕಲಿತರು, ಕೆಲಸದ ಜಾಗದಲ್ಲಿ ಏನು ಬದಲಾಯಿತು, ಕೊನೆಗೆ ಅದರಿಂದ ಏನು ಫಲ ಬಂತು. ನಮ್ಮ ಕಡೆ ಹೆಚ್ಚಿನ ವರದಿಗಳು ಮೊದಲ ಹಂತದಲ್ಲೇ ನಿಂತುಬಿಡುತ್ತವೆ. ನಾನು ಮೂರನೆಯದರವರೆಗೆ ಹೋಗಬೇಕು ಎಂದು ತರಬೇತಿಯ ದಿನಾಂಕ ಗೊತ್ತಾಗುವ ಮೊದಲೇ ಕೇಳಿಕೊಂಡೆ. ಮೊದಲೇ ಕೇಳುವುದು ಮುಖ್ಯ. ತರಬೇತಿ ಮುಗಿದ ಮೇಲೆ ಹಿಂದಿನ ಸ್ಥಿತಿಯನ್ನು ಅಳೆಯಲು ಬರುವುದಿಲ್ಲ, ಅಲ್ವಾ?

ಮೊದಲು ಅನಿಸಿಕೆಯ ಹಾಳೆ. ಸಾಮಾನ್ಯವಾಗಿ ಕೊನೆಯ ದಿನ ಸಂಜೆ ಬಸ್ಸಿಗೆ ಹೊತ್ತಾಗುವಾಗ, ಟಿಎ ಹಣಕ್ಕೆ ಸಹಿ ಹಾಕುವ ಮೇಜಿನ ಪಕ್ಕದಲ್ಲೇ ಇದನ್ನು ಕೊಡುತ್ತಾರೆ. ಹೆಸರೂ ಬರೆಯಿಸುತ್ತಾರೆ. ತರಬೇತುದಾರರು ಎದುರಿಗೇ ನಿಂತಿರುತ್ತಾರೆ. ಎಲ್ಲರೂ ಐದಕ್ಕೆ ಐದು ಕೊಟ್ಟು ಹೊರಡುತ್ತಾರೆ. ನಾನು ಹೆಸರು ಬೇಡ ಎಂದೆ. ಎರಡನೇ ದಿನ ಊಟಕ್ಕೆ ಮೊದಲು, ತರಬೇತುದಾರರನ್ನು ಹೊರಗೆ ಕಳಿಸಿ ಹಾಳೆ ಕೊಟ್ಟೆ. ಅಂಕ ಕೊಡುವ ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿ, ಬರೆದು ಉತ್ತರಿಸುವ ಎರಡನ್ನು ಸೇರಿಸಿದೆ. "ಅಂಗನವಾಡಿಗೆ ಹೋದ ಮೇಲೆ ಮೊದಲು ಏನು ಬದಲಾಯಿಸುತ್ತೀರಿ?" ಮತ್ತು "ಅದಕ್ಕೆ ಏನು ಅಡ್ಡ ಬರುತ್ತದೆ?"

ಅಂಕಗಳು ಮೇಲೇ ಇದ್ದವು. ಅವುಗಳಿಂದ ನನಗೆ ಹೊಸದೇನೂ ತಿಳಿಯಲಿಲ್ಲ. ಎರಡನೇ ಬರವಣಿಗೆ ಪ್ರಶ್ನೆಯ ಉತ್ತರಗಳು ಮಾತ್ರ ಇಡೀ ವರದಿಗೆ ದಾರಿ ತೋರಿಸಿದವು. ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಒಂದೇ ಮಾತು ಬೇರೆ ಬೇರೆ ರೀತಿಯಲ್ಲಿತ್ತು. ಚಿಕ್ಕ ಮಗುವನ್ನು ಮಲಗಿಸಿ ಅಳೆಯಲು ಇಬ್ಬರು ಬೇಕು, ಆ ಹೊತ್ತಿಗೆ ಸಹಾಯಕಿ ಅಡುಗೆಯಲ್ಲಿರುತ್ತಾಳೆ. ಸಹಾಯಕಿಯರನ್ನು ಈ ತರಬೇತಿಗೆ ಕರೆಯುವ ಆದೇಶವೇ ಇರಲಿಲ್ಲ.

ಕಲಿಕೆ ನೋಡಲು ಹತ್ತು ಪ್ರಶ್ನೆಗಳ ಪರೀಕ್ಷೆಯನ್ನು ಮೊದಲ ದಿನ ಬೆಳಗ್ಗೆ ಮತ್ತು ಎರಡನೇ ದಿನ ಸಂಜೆ ಕೊಟ್ಟೆವು. ಹೆಸರಿನ ಬದಲು ಫೋನ್ ನಂಬರಿನ ಕೊನೆಯ ಮೂರು ಅಂಕೆ ಬರೆಯಿಸಿದೆವು. ಹೀಗೆ ಮಾಡಿದರೆ ಒಬ್ಬರ ಎರಡೂ ಹಾಳೆಯನ್ನು ಜೋಡಿಸಬಹುದು, ಹೆದರಿಕೆಯೂ ಇರುವುದಿಲ್ಲ. ಸರಾಸರಿ 5ರಿಂದ 8ಕ್ಕೆ ಏರಿತು. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು, ಇವೆಲ್ಲ ಬಹುತೇಕ ಎಲ್ಲರಿಗೂ ಗೊತ್ತಾಗಿದ್ದವು.

ಆದರೆ ಅಳತೆ ಕೈಯ ಕೆಲಸ. ಅದಕ್ಕೇ ಹತ್ತಿರದ ಅಂಗನವಾಡಿಯ ಮಕ್ಕಳನ್ನು ತಾಯಂದಿರ ಒಪ್ಪಿಗೆ ಪಡೆದು ಕರೆಸಿ, ಪ್ರತಿಯೊಬ್ಬರೂ ಅಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದೆವು. ಚಪ್ಪಲಿ ತೆಗೆಸಿದರೇ, ಜಡೆಯ ಕ್ಲಿಪ್ ಬಿಚ್ಚಿದರೇ, ಹಿಮ್ಮಡಿ ಹಲಗೆಗೆ ತಾಗಿದೆಯೇ, ಮೊಣಕಾಲು ನೆಟ್ಟಗಿದೆಯೇ, ಮಗುವಿನ ನೋಟ ನೇರ ಇದೆಯೇ, ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ತಂದು ಓದಿದರೇ, ಮಿಲಿಮೀಟರ್ ಗೆರೆಯವರೆಗೂ ಬರೆದರೇ. ಕಾಗದದ ಮೇಲೆ 9 ಅಂಕ ಪಡೆದ ಕೆಲವರು ಇಲ್ಲಿ ಅರ್ಧ ಹೆಜ್ಜೆಗಳನ್ನು ಬಿಟ್ಟರು. 6 ಅಂಕದವರೊಬ್ಬರು ಒಂದನ್ನೂ ಬಿಡಲಿಲ್ಲ. ವರದಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟೆ. ಕೂಡಿಸಿ ಒಂದು ಸರಾಸರಿ ಮಾಡಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು. ಒಂದು ವಿಷಯವನ್ನು ಅಲ್ಲೇ ಗುರುತು ಹಾಕಿಕೊಂಡೆ. ಮಲಗಿಸಿ ಅಳೆಯುವ ಅಭ್ಯಾಸವನ್ನು ಕಾರ್ಯಕರ್ತೆಯರು ಇಬ್ಬಿಬ್ಬರು ಜೋಡಿಯಾಗಿ ಮಾಡಿದ್ದರು, ಮತ್ತು ಚೆನ್ನಾಗಿಯೇ ಮಾಡಿದ್ದರು.

ಇನ್ನು ಕೆಲಸದ ಜಾಗದ ಬದಲಾವಣೆ. "ಈಗ ಸರಿಯಾಗಿ ಅಳೆಯುತ್ತೀರಾ?" ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. ನೋಡಲು ಹೋದರೆ ನಮ್ಮ ಎದುರು ಸರಿಯಾಗಿಯೇ ಮಾಡುತ್ತಾರೆ. ನಾವು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಗುರುತು ಬೇಕು. ಅದು ರಿಜಿಸ್ಟರ್‌ನಲ್ಲೇ ಇದೆ, ಎತ್ತರದ ಕೊನೆಯ ಅಂಕೆಯಲ್ಲಿ.

84.3, 79.8, 91.6 ಹೀಗೆ ನಿಜವಾಗಿ ಓದಿ ಬರೆದಿದ್ದರೆ ಕೊನೆಯ ಅಂಕೆ ಸೊನ್ನೆಯಿಂದ ಒಂಬತ್ತರವರೆಗೆ ಹೆಚ್ಚುಕಮ್ಮಿ ಸಮನಾಗಿ ಹಂಚಿರುತ್ತದೆ. ಅಂದರೆ ಸೊನ್ನೆ ಮತ್ತು ಐದು ಸೇರಿ ನೂರಕ್ಕೆ 20ರ ಸುತ್ತ ಇರಬೇಕು. ಅಂದಾಜಿಗೆ ಬರೆದಾಗ ಎಲ್ಲವೂ 84.0, 79.5, 91.0 ಆಗಿರುತ್ತವೆ. ತೂಕದಲ್ಲಿ ಈ ಗುರುತು ಅಷ್ಟು ಕಾಣುವುದಿಲ್ಲ, ಡಿಜಿಟಲ್ ಯಂತ್ರ ತಾನೇ ಅಂಕೆ ತೋರಿಸುತ್ತದಲ್ಲ. ಒಂದು ಕೇಂದ್ರದ ತೂಕಗಳಲ್ಲೂ ಬರೀ ಸೊನ್ನೆ, ಐದು ಕಂಡರೆ ಅಲ್ಲಿ ಯಂತ್ರ ಕೆಟ್ಟಿದೆಯೇ ಎಂದು ಮೊದಲು ವಿಚಾರಿಸಬೇಕು. ಇನ್ನೊಂದು ಗುರುತೂ ಇದೆ. ಕಳೆದ ತಿಂಗಳಿಗಿಂತ ಮಗು ಗಿಡ್ಡ ಆಗಿದ್ದರೆ ಎರಡರಲ್ಲಿ ಒಂದು ಅಳತೆ ತಪ್ಪು.

ತರಬೇತಿಗೆ ಮುಂಚಿನ ಒಂದು ತಿಂಗಳ ಎತ್ತರಗಳನ್ನೂ, ಮೂರು ತಿಂಗಳ ನಂತರದ ಒಂದು ತಿಂಗಳ ಎತ್ತರಗಳನ್ನೂ ಬರೆದುಕೊಂಡೆ. ಮಕ್ಕಳ ಹೆಸರು ಬರೆದುಕೊಳ್ಳಲಿಲ್ಲ, ಅಂಕೆ ಮತ್ತು ವಯಸ್ಸು ಸಾಕು. ಪಕ್ಕದ ವಲಯಕ್ಕೆ ಇನ್ನೂ ತರಬೇತಿ ಆಗಿರಲಿಲ್ಲ. ಅಲ್ಲಿಂದಲೂ ಅದೇ ತಿಂಗಳುಗಳದ್ದನ್ನು ತೆಗೆದುಕೊಂಡೆ. ಇದಕ್ಕೆ ಕಾರಣವಿತ್ತು. ಅದೇ ಸಮಯದಲ್ಲಿ ಎರಡೂ ವಲಯಗಳಿಗೆ ಹೊಸ ಎತ್ತರದ ಅಳತೆಪಟ್ಟಿಗಳು ಬಂದಿದ್ದವು. ಹೊಸ ಪಟ್ಟಿಯಲ್ಲಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಸುಧಾರಣೆ ಅದರಿಂದಲೂ ಬರಬಹುದು.

ನಮ್ಮ ವಲಯದಲ್ಲಿ ಸೊನ್ನೆ ಅಥವಾ ಐದಕ್ಕೆ ಮುಗಿಯುವ ಎತ್ತರಗಳು ನೂರಕ್ಕೆ 70 ಇದ್ದದ್ದು 40ಕ್ಕೆ ಇಳಿದವು. ಪಕ್ಕದ ವಲಯದಲ್ಲಿ 68ರಿಂದ 59. ಹಾಗಾಗಿ 30ರ ಇಳಿಕೆಯನ್ನು ಪೂರ್ತಿ ತರಬೇತಿಯ ಲೆಕ್ಕಕ್ಕೆ ಹಾಕಲಿಲ್ಲ. ಪಕ್ಕದಲ್ಲಿ ತರಬೇತಿ ಇಲ್ಲದೆಯೂ 9 ಇಳಿದಿತ್ತು. ಉಳಿದ 21ಕ್ಕೆ ತರಬೇತಿ ಕಾರಣವಾಗಿರಬಹುದು ಎಂದು ಬರೆದೆ. 40 ಅನ್ನುವುದು ಇನ್ನೂ 20ಕ್ಕಿಂತ ಬಹಳ ಮೇಲಿದೆ ಎಂಬುದನ್ನೂ ಅದೇ ಸಾಲಿನ ಕೆಳಗೆ ಬರೆದೆ. ಒಂದೊಂದು ಕೇಂದ್ರಕ್ಕೆ ಬೇರೆ ಬೇರೆ ಲೆಕ್ಕ ಕೊಡಿ ಎಂದು ಮೇಲಿನವರು ಕೇಳಿದರು, ನಾನು ಕೊಡಲಿಲ್ಲ. ಒಂದು ಕೇಂದ್ರದಲ್ಲಿ ಇಪ್ಪತ್ತು ಮೂವತ್ತು ಎತ್ತರ ಇದ್ದರೆ, ಸರಿಯಾಗಿ ಅಳೆದವರಲ್ಲೂ ಸೊನ್ನೆ, ಐದು ಸುಮ್ನೆ ಜಾಸ್ತಿ ಬರಬಹುದು. ಅದರ ಮೇಲೆ ಯಾರಿಗೂ ನೋಟಿಸ್ ಹೋಗಬಾರದು.

ಕೊನೆಯ ಅಂಕೆಯನ್ನು ನೋಡುತ್ತಾರೆ ಎಂದು ಗೊತ್ತಾದರೆ ಯಾರು ಬೇಕಾದರೂ 84.3 ಎಂದು ಸುಮ್ಮನೆ ಬರೆಯಬಹುದು. ಅದಕ್ಕೇ ಮರು ಅಳತೆಯೂ ಬೇಕು. ಚೀಟಿ ಎತ್ತಿ 10 ಕೇಂದ್ರ ಆರಿಸಿದೆವು. ಪ್ರತಿ ಕೇಂದ್ರದಲ್ಲೂ ಆ ದಿನ ಬೆಳಗ್ಗೆ ಕಾರ್ಯಕರ್ತೆ ಅಳೆದು ಬರೆದ ಮಕ್ಕಳಲ್ಲಿ ನಾಲ್ಕು ಮಕ್ಕಳನ್ನು ನಾನು ಮತ್ತು ವಲಯದ ಮೇಲ್ವಿಚಾರಕಿ, ಅವರ ಅಂಕೆ ನೋಡದೆ, ಮತ್ತೆ ಅಳೆದೆವು. ಅದಕ್ಕೂ ಮೊದಲು ನಮ್ಮಿಬ್ಬರ ಅಳತೆ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಿಕೊಂಡಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಬೆಳವಣಿಗೆ ಅಧ್ಯಯನದಲ್ಲಿ ಇಬ್ಬರು ಅಳೆಯುವವರ ನಡುವೆ ಎತ್ತರದಲ್ಲಿ 0.7 ಸೆಂಟಿಮೀಟರ್‌ವರೆಗೆ ವ್ಯತ್ಯಾಸ ಒಪ್ಪಿತ್ತು. ಅದನ್ನೇ ಇಟ್ಟುಕೊಂಡೆವು.

ನಿಲ್ಲಿಸಿ ಅಳೆದ 24 ಮಕ್ಕಳಲ್ಲಿ 20 ಅಳತೆಗಳು ಈ ಮಿತಿಯ ಒಳಗೆ ಬಂದವು. ಮಲಗಿಸಿ ಅಳೆದ 16ರಲ್ಲಿ 7 ಮಾತ್ರ. ತರಬೇತಿಗೆ ಮುಂಚೆ ಇಂಥ ಮರು ಅಳತೆ ನಡೆದಿರಲಿಲ್ಲ, ಹಾಗಾಗಿ ಇದು ಬದಲಾವಣೆಯ ಲೆಕ್ಕ ಅಲ್ಲ, ಈಗಿನ ಸ್ಥಿತಿಯ ಲೆಕ್ಕ ಎಂದು ವರದಿಯಲ್ಲಿ ಸ್ಪಷ್ಟವಾಗಿ ಹೇಳಿದ್ದೇನೆ. ಆದರೂ ಎರಡರ ನಡುವಿನ ಅಂತರ ಕಣ್ಣಿಗೆ ಹೊಡೆಯುತ್ತದೆ.

ಕಾರಣ ಕೇಳಿದಾಗ ಒಬ್ಬ ಕಾರ್ಯಕರ್ತೆ ಹೇಳಿದರು: "ಮೇಡಂ, ಒಬ್ಬಾಕಿ ಹೆಂಗ ಅಳೀಲಿ? ತಲಿ ಹಿಡದ್ರ ಕಾಲು ಮಡಚತೈತಿ, ಕಾಲು ಹಿಡದ್ರ ತಲಿ ತಿರಗಸತೈತಿ. ಸಹಾಯಕಿನ್ನ ಕರದ್ರ ಒಲಿಮ್ಯಾಲ ಅನ್ನ ಐತ್ರಿ ಅಂತಾಳ."

ಕಾಲು ಮಡಚಿದರೆ ಉದ್ದ ಕಡಿಮೆ ಬರುತ್ತದೆ. ಉದ್ದ ಕಡಿಮೆ ಬಂದರೆ ಆ ಉದ್ದಕ್ಕೆ ಮಗುವಿನ ತೂಕ ಸಾಕು ಎಂದು ಕಾಣುತ್ತದೆ. ಹೊರಗೆ ಬಂದ 9 ಅಳತೆಗಳಲ್ಲಿ 8 ನಮ್ಮ ಅಳತೆಗಿಂತ ಕಡಿಮೆಯೇ ಇದ್ದವು. ಅಂದರೆ ತಪ್ಪು ಎರಡೂ ಕಡೆ ಹಂಚಿಹೋಗಿರಲಿಲ್ಲ. ಎರಡು ವರ್ಷದೊಳಗಿನ ಸೊರಗಿದ ಮಕ್ಕಳು ಪಟ್ಟಿಯಿಂದ ತಪ್ಪಿಹೋಗುವ ಕಡೆಗೇ ಇತ್ತು. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಇದಕ್ಕಿಂತ ಮುಖ್ಯ ಸಂಗತಿ ಇಲ್ಲ. ಕಾರ್ಯಕರ್ತೆಯರಿಗೆ ವಿಷಯ ಗೊತ್ತಿತ್ತು, ಜೋಡಿ ಇದ್ದಾಗ ಕೈಯೂ ಸರಿಯಿತ್ತು. ಕೆಲಸದ ಜಾಗದಲ್ಲಿ ಇನ್ನೊಂದು ಜೋಡಿ ಕೈ ಇರಲಿಲ್ಲ. ಮತ್ತೊಮ್ಮೆ ಅದೇ ತರಬೇತಿ ಕೊಟ್ಟರೆ ಇದು ಸರಿಹೋಗುವುದಿಲ್ಲ.

ವರದಿ ಒಪ್ಪಿಸಿದ ದಿನ ಒಬ್ಬ ಅಧಿಕಾರಿ, "ಅಪೌಷ್ಟಿಕತೆ ಎಷ್ಟು ಕಡಿಮೆ ಆಯ್ತು ಅಂತ ಬರೆದಿಲ್ಲವಲ್ಲ" ಎಂದು ಕೇಳಿದರು. ಅದು ನಾಲ್ಕನೇ ಹಂತ. ಅದನ್ನು ಬೇಕೆಂದೇ ಬಿಟ್ಟಿದ್ದೆ. ಅಳತೆ ಸರಿಯಾದಾಗ ಮುಂಚೆ ತಪ್ಪಿಹೋಗಿದ್ದ ಮಕ್ಕಳು ಪಟ್ಟಿಗೆ ಬರುತ್ತಾರೆ, ಸಂಖ್ಯೆ ಮೊದಲು ಏರಲೂಬಹುದು. ಆ ಏರಿಕೆಯನ್ನು ತರಬೇತಿಯ ಸೋಲು ಎಂದು ಓದಿದರೆ ಮುಂದಿನ ತಿಂಗಳು ಯಾರೂ ನಿಜ ಬರೆಯುವುದಿಲ್ಲ. ಇನ್ನೊಂದು ಮಾತು, ಸುಗ್ಗಿ ಮುಗಿದ ಮೇಲೆ ಈ ಭಾಗದ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುತ್ತವೆ. ಮೂರು ತಿಂಗಳ ಹಿಂದೆ ಅಳೆದ ಮಕ್ಕಳೇ ಈಗಲೂ ಕೇಂದ್ರದಲ್ಲಿ ಇರುವುದಿಲ್ಲ. ಇಷ್ಟನ್ನೂ ಹೇಳಿದ ಮೇಲೆ ಅವರು ಒಪ್ಪಿದರು.

ಶಿಫಾರಸು ಎರಡೇ ಬರೆದೆ, ಮೊದಲ ಪುಟದಲ್ಲೇ. ಒಂದು, ಮುಂದಿನ ತಂಡಕ್ಕೆ ಕಾರ್ಯಕರ್ತೆಯ ಜೊತೆ ಅದೇ ಕೇಂದ್ರದ ಸಹಾಯಕಿಯನ್ನೂ ಕರೆಯಬೇಕು, ಮಲಗಿಸಿ ಅಳೆಯುವ ಅಭ್ಯಾಸವನ್ನು ಅವರಿಬ್ಬರೇ ಮಾಡಬೇಕು. ಎರಡು, ಎರಡು ವರ್ಷದೊಳಗಿನ ಮಕ್ಕಳ ಅಳತೆಯನ್ನು ಅಡುಗೆ ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬೇಕು, ತಾಯಂದಿರಿಗೂ ಆ ಹೊತ್ತನ್ನೇ ಹೇಳಬೇಕು. ಈಗ ಪಕ್ಕದ ವಲಯದ ತರಬೇತಿಗೆ ಸಹಾಯಕಿಯರ ಹೆಸರೂ ಸೇರಿದೆ. ಅಲ್ಲಿ ಮಲಗಿಸಿ ಅಳೆದ ಮಕ್ಕಳ ಮರು ಅಳತೆಯನ್ನು ತರಬೇತಿಗೆ ಮುಂಚೆಯೇ ಒಮ್ಮೆ ತೆಗೆಯಲು ಒಪ್ಪಿಗೆ ಸಿಕ್ಕಿದೆ.